ಠೇವಣಿಯ ಬಡ್ಡಿಯೂ ರಾಗಿಯ ಲೆಕ್ಕವೂ

ಒಕ್ಕಣೆ ಮುಗಿದು ರಾಗಿ ಮನೆ ಸೇರಿದ ಮೇಲೆ ರೈತನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಮನೆಖರ್ಚಿಗೆ ಸಾಕಾಗಿ ಉಳಿದ ರಾಗಿಯನ್ನು ಮಾರಿ ಹಣವನ್ನು ಬ್ಯಾಂಕಿನಲ್ಲಿ ಇಡುವುದೇ, ಇಲ್ಲವೇ ರಾಗಿಯನ್ನೇ ಕೂಡಿಡುವುದೇ? ಹಳೆ ಮೈಸೂರು ಸೀಮೆಯ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಟ್ಟು ಬರಗಾಲ ಕಳೆಯುತ್ತಿದ್ದರು. ರಾಗಿಗೆ ಹುಳುವಿನ ಕಾಟ ಕಡಿಮೆಯಾದುದರಿಂದ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹಗೇವಿನಲ್ಲಿಟ್ಟ ಹತ್ತು ಕ್ವಿಂಟಾಲ್ ಎಷ್ಟು ವರ್ಷ ಕಳೆದರೂ ಹನ್ನೊಂದಾಗುವುದಿಲ್ಲ. ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುತ್ತದೆ, ಆದರೆ ಅಷ್ಟರಲ್ಲಿ ಬೆಲೆಗಳೂ ಏರಿರುತ್ತವೆ. ಹಾಗಾದರೆ ನಿಜವಾಗಿ ಬೆಳೆದದ್ದೆಷ್ಟು?

ತುಮಕೂರು ಕಡೆಯ ಒಬ್ಬ ಖುಷ್ಕಿ ರೈತನಲ್ಲಿ ಹತ್ತು ಕ್ವಿಂಟಾಲ್ ರಾಗಿ ಮಾರಾಟಕ್ಕೆ ಉಳಿದಿದೆಯೆಂದು ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಅನುಕೂಲವಾಗುವಂತೆ ಕ್ವಿಂಟಾಲಿಗೆ 4,000 ರೂಪಾಯಿ ಎಂದು ಹಿಡಿದರೆ ಅವನಿಗೆ 40,000 ರೂಪಾಯಿ ಬರುತ್ತದೆ. ಅದನ್ನು ವರ್ಷಕ್ಕೆ ಶೇಕಡ 8ರ ಬಡ್ಡಿಗೆ ಠೇವಣಿ ಇಡುತ್ತಾನೆ. ಆ ವರ್ಷದಲ್ಲಿ ರಾಗಿಯೂ ಸೇರಿದಂತೆ ಎಲ್ಲ ಪದಾರ್ಥಗಳ ಬೆಲೆ ಶೇಕಡ 6ರಷ್ಟು ಏರುತ್ತದೆ. ಪಾಸ್ ಪುಸ್ತಕದಲ್ಲಿ ಕಾಣುವ ಶೇಕಡ 8 ನಾಮಮಾತ್ರ ಪ್ರತಿಫಲ. ಆ ಹಣದಿಂದ ಕೊಳ್ಳಬಹುದಾದ ಪದಾರ್ಥ ಎಷ್ಟು ಹೆಚ್ಚಿತು ಎಂಬುದು ನಿಜ ಪ್ರತಿಫಲ. ಎಂಟರಲ್ಲಿ ಆರು ಕಳೆದರೆ ಎರಡು. ಆದ್ದರಿಂದ ನಿಜ ಪ್ರತಿಫಲ ಶೇಕಡ 2 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅಂದರೆ ಹತ್ತು ಕ್ವಿಂಟಾಲಿಗೆ 20 ಕಿಲೋ ಲಾಭ.

ಈಗ ರಾಗಿಯನ್ನೇ ಅಳೆದು ನೋಡೋಣ. ವರ್ಷದ ಕೊನೆಗೆ ಕೈಗೆ ಬರುವ ಹಣ 43,200 ರೂಪಾಯಿ. ರಾಗಿಯ ಬೆಲೆ ಕ್ವಿಂಟಾಲಿಗೆ 4,240 ರೂಪಾಯಿ. ಭಾಗಿಸಿದರೆ 10 ಕ್ವಿಂಟಾಲ್ 18.9 ಕಿಲೋ ಸಿಗುತ್ತದೆ. 20 ಕಿಲೋ ಅಲ್ಲ. ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಎಲ್ಲಿ ಹೋಯಿತು?

ಬಡ್ಡಿಯಾಗಿ ಬಂದದ್ದು 3,200 ರೂಪಾಯಿ. ಮೊದಲಿನ ಹತ್ತು ಕ್ವಿಂಟಾಲನ್ನೇ ಹೊಸ ಬೆಲೆಗೆ ಮರಳಿ ಕೊಳ್ಳಲು ಹೆಚ್ಚುವರಿಯಾಗಿ 2,400 ರೂಪಾಯಿ ಬೇಕು. ಉಳಿಯುವುದು 800 ರೂಪಾಯಿ. ಹಳೆಯ ದರದಲ್ಲಿ, ಅಂದರೆ ಕಿಲೋಗೆ 40 ರೂಪಾಯಿಯಂತೆ, ಈ 800ಕ್ಕೆ 20 ಕಿಲೋ ಬರುತ್ತಿತ್ತು. ಆದರೆ ಈ ಹಣ ಕೈಗೆ ಬರುವುದೇ ವರ್ಷದ ಕೊನೆಗೆ. ಅದನ್ನು ಕಿಲೋಗೆ 42 ರೂಪಾಯಿ 40 ಪೈಸೆಯ ಹೊಸ ದರದಲ್ಲಿಯೇ ಖರ್ಚು ಮಾಡಬೇಕು. ಆಗ ಬರುವುದು 18.9 ಕಿಲೋ. ಕಳೆಯುವ ಲೆಕ್ಕದ ದೋಷವೆಲ್ಲ ಇಷ್ಟೇ: ಅದು ಅಸಲಿಗೆ ತಟ್ಟಿದ ಬೆಲೆ ಏರಿಕೆಯನ್ನು ಗಣನೆಗೆ ತೆಗೆದುಕೊಳ್ಳುತ್ತದೆ, ಲಾಭಕ್ಕೆ ತಟ್ಟಿದ್ದನ್ನು ಬಿಟ್ಟುಬಿಡುತ್ತದೆ.

ಆದುದರಿಂದ ಸರಿಯಾದ ಕ್ರಮ ಕಳೆಯುವುದಲ್ಲ, ಭಾಗಿಸುವುದು. ಒಂದು ರೂಪಾಯಿ 1.08 ಆಯಿತು, ಒಂದು ರೂಪಾಯಿಯ ಪದಾರ್ಥ 1.06 ಆಯಿತು. 1.08ನ್ನು 1.06ರಿಂದ ಭಾಗಿಸಿದರೆ 1.0189, ನಿಜ ಪ್ರತಿಫಲ ಶೇಕಡ 1.89. ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1896ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಬಂಧವನ್ನು ವಿವರಿಸಿದನು. ಇಂದಿಗೂ ಅದು ಅವನ ಹೆಸರಿನಲ್ಲಿಯೇ ಇದೆ.

ಒಂದು ಕಿಲೋ ರಾಗಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ಆ ಮಾತು ನ್ಯಾಯವಾದದ್ದೇ. ಬಡ್ಡಿಯೂ ಬೆಲೆ ಏರಿಕೆಯೂ ಒಂದಂಕಿಯಲ್ಲಿದ್ದು, ಅವಧಿ ಒಂದೇ ವರ್ಷವಾಗಿದ್ದರೆ ಕಳೆಯುವ ಲೆಕ್ಕ ಸಾಕು. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಶೇಕಡ 8 ಎಂಬುದು ವರ್ಷಕ್ಕೆ ಶೇಕಡ 8.24 ಆಗುತ್ತದೆ. ಈ ವ್ಯತ್ಯಾಸವೇ ಭಾಗಿಸುವುದರಿಂದ ಆಗುವ ತಿದ್ದುಪಡಿಗಿಂತ ದೊಡ್ಡದು. ಅದನ್ನು ಬಿಟ್ಟು ಇದನ್ನು ಮಾತ್ರ ತಿದ್ದುವುದರಲ್ಲಿ ಅರ್ಥವಿಲ್ಲ.

ತೊಂದರೆಯಾಗುವುದು ಅವಧಿ ಉದ್ದವಾದಾಗ. ಅದೇ ರೈತ ಹಣವನ್ನು ಐದು ವರ್ಷ ಹಾಗೆಯೇ ಬಿಟ್ಟನೆನ್ನೋಣ. ಚಕ್ರಬಡ್ಡಿಯಲ್ಲಿ ಅದು 58,773 ರೂಪಾಯಿ ಆಗುತ್ತದೆ. ಒಟ್ಟು ಏರಿಕೆ ಶೇಕಡ 46.9. ರಾಗಿ ಕ್ವಿಂಟಾಲಿಗೆ 5,353 ರೂಪಾಯಿ ಆಗುತ್ತದೆ. ಒಟ್ಟು ಏರಿಕೆ ಶೇಕಡ 33.8. ಇವೆರಡನ್ನೂ ಕಳೆದು, ಶೇಕಡ 13.1 ಲಾಭವಾಯಿತು, ಹನ್ನೊಂದು ಕ್ವಿಂಟಾಲಿನ ಮೇಲೆ 31 ಕಿಲೋ ಬರುತ್ತದೆ ಎಂದು ಅವನು ನಂಬಬಹುದು. ಮಂಡಿಗೆ ಹೋಗಿ ಕೊಂಡರೆ ಬರುವುದು 10 ಕ್ವಿಂಟಾಲ್ 98 ಕಿಲೋ ಮಾತ್ರ. ಮೂವತ್ತಮೂರು ಕಿಲೋ ಕೊರತೆ ಕೇವಲ ಲೆಕ್ಕದ ತಪ್ಪಿನಿಂದ ಬಂದದ್ದು. ಹಲವು ವರ್ಷಗಳ ಒಟ್ಟು ಏರಿಕೆಗಳನ್ನು ಎಂದಿಗೂ ಒಂದರಿಂದೊಂದು ಕಳೆಯಬಾರದು.

ಬೆಲೆಗಳು ಹಠಾತ್ತನೆ ಏರಿದ ವರ್ಷಗಳಲ್ಲಿಯೂ ಇದೇ ಗತಿ. ಭಾರತದಲ್ಲಿ 1974ರಲ್ಲಿ ಗ್ರಾಹಕ ಬೆಲೆಗಳು ಸುಮಾರು ಶೇಕಡ 28ರಷ್ಟು ಏರಿದವು. ಅಂತಹ ವರ್ಷದಲ್ಲಿ ಶೇಕಡ 8ರ ಬಡ್ಡಿಗೆ ಹಣವಿಟ್ಟವನು ಕಳೆಯುವ ಲೆಕ್ಕದಲ್ಲಿ ಶೇಕಡ 20 ಕಳೆದುಕೊಂಡಂತೆ ತೋರುತ್ತದೆ. 1.08ನ್ನು 1.28ರಿಂದ ಭಾಗಿಸಿದರೆ ನಷ್ಟ ಶೇಕಡ 15.6. ಇಲ್ಲಿ ಕೊರತೆಯಾದ 20 ರೂಪಾಯಿಯೂ ಬೆಲೆ ಕುಗ್ಗಿದ ರೂಪಾಯಿಗಳೇ ಆದ್ದರಿಂದ ನಷ್ಟ ಕಂಡಷ್ಟು ದೊಡ್ಡದಲ್ಲ. ಇನ್ನೂ ಮುಂದೆ ಹೋಗಿ, ಬೆಲೆಗಳು ಇಮ್ಮಡಿಯಾದವು, ಹಣವನ್ನು ಬಡ್ಡಿಯಿಲ್ಲದೆ ಪೆಟ್ಟಿಗೆಯಲ್ಲಿ ಇಡಲಾಗಿತ್ತು ಎಂದು ಊಹಿಸಿದರೆ, ಕಳೆಯುವ ಲೆಕ್ಕ ನೂರಕ್ಕೆ ನೂರು ನಷ್ಟವೆನ್ನುತ್ತದೆ. ಆದರೆ ಆ ಹಣಕ್ಕೆ ಅರ್ಧದಷ್ಟು ರಾಗಿ ಬಂದೇ ಬರುತ್ತದೆ.

ಸಾಲದ ವಿಷಯದಲ್ಲಿಯೂ ಇದೇ ಲೆಕ್ಕ ಅನ್ವಯಿಸುತ್ತದೆ. ಆದರೆ ಅಲ್ಲಿ ಒಂದು ಎಚ್ಚರಿಕೆ ಬೇಕು. ಶೇಕಡ 4ರ ಬಡ್ಡಿಗೆ ಒಂದು ಲಕ್ಷ ರೂಪಾಯಿ ಬೆಳೆಸಾಲ ಪಡೆದವನು, ಸಾಮಾನ್ಯ ಬೆಲೆಗಳು ಶೇಕಡ 6 ಏರಿವೆ, ಸಾಲ ಪುಕ್ಕಟೆಯಾಗಿ ಬಂದಂತಾಯಿತು ಎಂದು ಸಂತೋಷಪಡಬಹುದು. ಆದರೆ ಅವನು ಸಾಲ ತೀರಿಸುವುದು ರಾಗಿ ಮಾರಿದ ಹಣದಿಂದ. ಸಾಲ ಪಡೆದಾಗ ಕ್ವಿಂಟಾಲಿಗೆ 4,000 ಇದ್ದ ರಾಗಿ, ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಲು ತಂದುದರಿಂದ 3,800ಕ್ಕೆ ಇಳಿಯಿತೆನ್ನೋಣ. ಪಡೆದಾಗ ಆ ಸಾಲ 25 ಕ್ವಿಂಟಾಲ್ ರಾಗಿಗೆ ಸಮವಾಗಿತ್ತು. ತೀರಿಸುವಾಗ 1,04,000 ರೂಪಾಯಿಗೆ 27 ಕ್ವಿಂಟಾಲ್ 37 ಕಿಲೋ ಮಾರಬೇಕು. ರಾಗಿಯ ಲೆಕ್ಕದಲ್ಲಿ ಅವನು ತೆತ್ತ ಬಡ್ಡಿ ಶೇಕಡ 9.5. ಕಳೆಯುವ ಲೆಕ್ಕ ಇಲ್ಲಿ ಶೇಕಡ 9 ಎಂದು ಹೇಳಿ, ಭಾರವನ್ನು ಕಡಿಮೆ ಮಾಡಿ ತೋರಿಸುತ್ತದೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಭಾಗಿಸುವ ಕ್ರಮ ಎಷ್ಟೇ ಸರಿಯಾಗಿದ್ದರೂ, ಯಾವ ಬೆಲೆಯಿಂದ ಭಾಗಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಕೃಷಿ ಕಾರ್ಮಿಕರಿಗೂ ಗ್ರಾಮೀಣ ಕಾರ್ಮಿಕರಿಗೂ ಪ್ರತ್ಯೇಕ ಬೆಲೆ ಸೂಚ್ಯಂಕಗಳು ಪ್ರಕಟವಾಗುತ್ತವೆ. ಅವು ಮನೆ ಬಳಕೆಯ ವಸ್ತುಗಳನ್ನು ಆಧರಿಸಿದವು. ಕೂಡಿಟ್ಟ ಹಣ ಪಂಪ್‌ಸೆಟ್ಟಿಗೆಂದು ಇದ್ದರೆ ಪಂಪ್‌ಸೆಟ್ಟಿನ ಬೆಲೆಯಿಂದಲೂ, ಮನೆ ಖರ್ಚಿಗೆಂದು ಇದ್ದರೆ ಈ ಸೂಚ್ಯಂಕದಿಂದಲೂ ಭಾಗಿಸುವುದು ಯುಕ್ತ. ಸಾಲವನ್ನು ಮಾತ್ರ ಅದನ್ನು ತೀರಿಸಲಿರುವ ಬೆಳೆಯ ಬೆಲೆಯಿಂದಲೇ ಅಳೆಯಬೇಕು.