ಸೋಮವಾರದ ಹೊಟ್ಟೆನೋವು

ಮೂರನೆಯ ತರಗತಿಯ ಬಾಲಕನೊಬ್ಬನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆ ನೋಯುತ್ತದೆ. ಅಂದು ಮೊದಲ ಅವಧಿಯೇ ಗಣಿತ. ತಾಯಿ ಕನಿಕರದಿಂದ ಅವನನ್ನು ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ನೋವು ಮಾಯವಾಗಿರುತ್ತದೆ. ಹುಡುಗ ಸುಳ್ಳು ಹೇಳುತ್ತಿರಲೇಬೇಕೆಂದಿಲ್ಲ. ಎರಡು ಬಗೆಯ ಕಲಿಕೆಗಳು ಅವನಲ್ಲಿ ಒಂದರೊಡನೊಂದು ಬೆಸೆದುಕೊಂಡಿರಬಹುದು.

ಮೊದಲನೆಯದು ಶಾಸ್ತ್ರೀಯ ಅನುಬಂಧನ. ರಷ್ಯದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗೆ ಆಹಾರ ನೀಡುವ ಮುನ್ನ ಒಂದು ಶಬ್ದವನ್ನು ಕೇಳಿಸುತ್ತಿದ್ದರು. ಹೀಗೆ ಹಲವು ಸಲವಾದ ಮೇಲೆ ಆ ಶಬ್ದ ಮಾತ್ರದಿಂದಲೇ ನಾಯಿಗೆ ಜೊಲ್ಲು ಸುರಿಯತೊಡಗಿತು. ಹುಣಸೆಕಾಯಿಯನ್ನು ಕಂಡೊಡನೆ ನಮ್ಮ ಬಾಯಲ್ಲಿ ನೀರೂರುವುದೂ ಇಂಥದೇ. ಈ ಬಾಲಕನಿಗೆ ತರಗತಿಯಲ್ಲಿ ಗದರಿಕೆ ಬಿದ್ದಾಗಲೆಲ್ಲ ಗಣಿತದ ಪುಸ್ತಕ ಎದುರಿಗಿತ್ತು. ಗದರಿಕೆಗೆ ಹುಟ್ಟಿದ ಭಯ ಕ್ರಮೇಣ ಪುಸ್ತಕಕ್ಕೂ ಅಂಟಿತು. ಭಯದಿಂದ ಹೊಟ್ಟೆ ಹಿಂಡುವುದು ಅವನ ಇಚ್ಛೆಗೆ ಒಳಪಟ್ಟುದಲ್ಲ.

ಎರಡನೆಯದು ಕ್ರಿಯಾಜನ್ಯ ಅನುಬಂಧನ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪೆಟ್ಟಿಗೆಯಲ್ಲಿ ಇಲಿಯು ಸನ್ನೆಯನ್ನು ಒತ್ತಿದರೆ ಆಹಾರ ದೊರೆಯುತ್ತಿತ್ತು. ಆದುದರಿಂದ ಅದು ಮತ್ತೆ ಮತ್ತೆ ಒತ್ತುತ್ತಿತ್ತು. ಇಲ್ಲಿ ಕ್ರಿಯೆಯನ್ನು ಬಲಪಡಿಸುವುದು ಅದರ ಫಲ. ನಮ್ಮ ಬಾಲಕ ನೋವೆಂದೊಡನೆ ಶಾಲೆ ತಪ್ಪಿತು, ಭಯ ಇಳಿಯಿತು. ಅಹಿತವಾದುದು ತೊಲಗಿದ್ದರಿಂದ ಕ್ರಿಯೆ ಬಲಗೊಳ್ಳುವ ಇದಕ್ಕೆ ಋಣಾತ್ಮಕ ಪುನರ್ಬಲನವೆಂದು ಹೆಸರು. ಇದನ್ನು ಶಿಕ್ಷೆಯೆಂದು ಭಾವಿಸುವುದು ತಪ್ಪು. ಶಿಕ್ಷೆಯು ಕ್ರಿಯೆಯನ್ನು ಕುಗ್ಗಿಸುತ್ತದೆ.

ಮೊದಲು ವೈದ್ಯರಿಗೆ ತೋರಿಸಬೇಕು. ರಜೆಯ ದಿನವೂ ನೋವಿದ್ದರೆ, ನೋವಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ, ಜ್ವರ, ವಾಂತಿ ಅಥವಾ ತೂಕದ ಇಳಿತವಿದ್ದರೆ ಅದನ್ನು ಭಯವೆಂದು ತಳ್ಳಿಹಾಕಬಾರದು. ಕಾಯಿಲೆಯಿಲ್ಲವೆಂದು ತಿಳಿದ ಬಳಿಕ ಎರಡು ಕಲಿಕೆಗಳಿಗೂ ಬೇರೆ ಬೇರೆ ಪರಿಹಾರ ಬೇಕು. ಶಿಕ್ಷಕರೊಡನೆ ಮಾತನಾಡಿ ಗದರಿಕೆಯನ್ನು ನಿಲ್ಲಿಸಬೇಕು. ಮನೆಯಲ್ಲಿ ನಿತ್ಯ ಐದು ನಿಮಿಷ ತಾಯಿ ಪಕ್ಕದಲ್ಲಿ ಕುಳಿತು, ಅವನಿಗೆ ಬರುವ ಎರಡು ಲೆಕ್ಕಗಳನ್ನಷ್ಟೇ ಮಾಡಿಸಬೇಕು. ಗದರಿಕೆಯಿಲ್ಲದೆ ಪುಸ್ತಕ ಪದೇ ಪದೇ ತೆರೆದಾಗ ಭಯ ಸಡಿಲುತ್ತದೆ. ಇದರೊಡನೆಯೇ, ತಡವಾದರೂ ಸರಿ, ಅವನನ್ನು ಶಾಲೆಗೆ ಕರೆದೊಯ್ಯಬೇಕು.

ಮೊದಲ ಕೆಲವು ದಿನ ಅಳು ಹೆಚ್ಚಬಹುದು. ಆಗ ಮಣಿದರೆ, ಜೋರಾಗಿ ಅತ್ತರೆ ಶಾಲೆ ತಪ್ಪುತ್ತದೆಂಬುದನ್ನೇ ಕಲಿಸಿದಂತಾಗುತ್ತದೆ. ಆದರೆ ತರಗತಿಯಲ್ಲಿ ಗದರಿಕೆ ಮುಂದುವರಿದಿರುವಾಗ ಬಲವಂತವಾಗಿ ಕಳುಹಿಸಿದರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಶಾಲೆಗೆ ಹೋಗುತ್ತಿದ್ದರೂ ಪುಸ್ತಕ ಕಂಡಾಗ ಮುಖ ಬಾಡಿದರೆ ಮೊದಲನೆಯ ಕಲಿಕೆ ಉಳಿದಿದೆ ಎಂದರ್ಥ. ಮನೆಯಲ್ಲಿ ನಗುತ್ತ ಲೆಕ್ಕ ಮಾಡಿಯೂ ಬೆಳಿಗ್ಗೆ ನೋವೆಂದರೆ ಎರಡನೆಯದು ಉಳಿದಿರಬಹುದು. ದಸರಾ ರಜೆ ಮುಗಿದ ಮೊದಲ ಸೋಮವಾರ ಹಳೆಯ ನೋವು ಮತ್ತೆ ಇಣುಕಿದರೆ ಗಾಬರಿಪಡಬೇಕಿಲ್ಲ. ಅಳಿದಂತೆ ಕಂಡ ಭಯ ಬಿಡುವಿನ ನಂತರ ಹೀಗೆ ಮರುಕಳಿಸುವುದುಂಟು. ಅದೇ ಕ್ರಮವನ್ನು ಮುಂದುವರಿಸಿದರೆ ಸಾಮಾನ್ಯವಾಗಿ ಹಿಂದಿಗಿಂತ ಬೇಗ ಇಳಿಯುತ್ತದೆ.