ನೂರು ರೂಪಾಯಿ ಲಾಭ, ಕೈಗೆ ಸಿಕ್ಕಿದ್ದು ಮೂವತ್ಮೂರು

ಪುಟ್ಟಾ, ಹತ್ತು ಷೇರು ಇನ್ನೂರರಂತೆ ಕೊಂಡು ಇನ್ನೂರ ಹತ್ತರಂತೆ ಮಾರಿದೆ, ನೂರು ರೂಪಾಯಿ ಬಂತು ಎಂದೆಯಲ್ಲ, ಆ ನೂರರ ಲೆಕ್ಕವನ್ನೇ ಹಿಡಿದು ಕೂರೋಣ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ನಿನ್ನ ಫೋನಿನಲ್ಲೇ ನೂರು ಜನ ಇದ್ದಾರೆ. ಖರ್ಚಿನ ಕಡೆ ಬೆರಳು ತೋರಿಸುವವರು ಕಡಿಮೆ. ಜೀವಮಾನವೆಲ್ಲ ಲೆಡ್ಜರ್ ಬರೆದ ದೊಡ್ಡಮ್ಮನಿಗೆ ಕಣ್ಣು ಹೋಗುವುದು ಅಲ್ಲಿಗೇ.

ಕೊಂಡ ದಿನದ ಕಾಂಟ್ರ್ಯಾಕ್ಟ್ ನೋಟ್ ತೆಗೆ. ವ್ಯವಹಾರವಾದ 24 ಗಂಟೆಯೊಳಗೆ ಬ್ರೋಕರ್ ಅದನ್ನು ಇಮೇಲ್‌ಗೆ ಕಳಿಸಲೇಬೇಕು. ಸಾಮಾನ್ಯವಾಗಿ ನಿನ್ನ ಪ್ಯಾನ್ ನಂಬರೇ ಅದರ ಪಾಸ್‌ವರ್ಡ್. ಮೇಲಿನ ಕೋಷ್ಟಕದಲ್ಲಿ ನಿನ್ನ ಹತ್ತು ಷೇರು ಆರು ಮತ್ತು ನಾಲ್ಕಾಗಿ ಎರಡು ಸಾಲಿನಲ್ಲಿ ಕಂಡರೆ ಗಾಬರಿ ಬೇಡ. ಮಾರುವವರು ಇಬ್ಬರು ಸಿಕ್ಕಿರುತ್ತಾರೆ, ಅಷ್ಟೇ. ಎರಡೂ ಸಾಲಿನ ಆರ್ಡರ್ ನಂಬರ್ ಒಂದೇ ಆಗಿದ್ದರೆ ಅದು ಒಂದೇ ಆರ್ಡರ್. ಆರ್ಡರ್‌ಗೆ ಇಷ್ಟು ಎಂದು ಬ್ರೋಕರೇಜ್ ಒಪ್ಪಿದ್ದರೆ ಅದು ಒಂದೇ ಸಲ ಬಿದ್ದಿರಬೇಕು. ಎರಡು ಸಲ ಬಿದ್ದಿದ್ದರೆ ಕೇಳು.

ಈಗ ಕೆಳಗಿನ ಪಟ್ಟಿ. ನಿನ್ನ ಬ್ರೋಕರ್ ಆರ್ಡರ್‌ಗೆ 20 ರೂಪಾಯಿ ತೆಗೆದುಕೊಳ್ಳುವವನು. ಎರಡು ಸಾವಿರದ ಖರೀದಿಗೆ ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, ಶೇ 0.1ರಂತೆ 2 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ ಶೇ 0.015ರಂತೆ 30 ಪೈಸೆ. ಎಕ್ಸ್‌ಚೇಂಜ್‌ನದು ಲಕ್ಷಕ್ಕೆ ಮೂರು ರೂಪಾಯಿಯ ಆಸುಪಾಸು, ಹಾಗಾಗಿ ಇಲ್ಲಿ 6 ಪೈಸೆ. ಸೆಬಿಯ ಶುಲ್ಕ ಕೋಟಿಗೆ ಹತ್ತು ರೂಪಾಯಿ, ನಿನ್ನ ಪಾಲಿಗೆ ಪೈಸೆಯೂ ಆಗುವುದಿಲ್ಲ. ಬ್ರೋಕರೇಜು ಮತ್ತು ಈ ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ, ಅದು 3 ರೂಪಾಯಿ 61 ಪೈಸೆ. ಎಲ್ಲ ಸೇರಿ ಸುಮಾರು 26 ರೂಪಾಯಿ. ಮಾರಿದ ದಿನವೂ ಹೆಚ್ಚು ಕಡಿಮೆ ಇಷ್ಟೇ. ಸ್ಟ್ಯಾಂಪ್ ಡ್ಯೂಟಿ ಕೊಳ್ಳುವವರಿಗೆ ಮಾತ್ರವಾದ್ದರಿಂದ ಆ 30 ಪೈಸೆ ಇರುವುದಿಲ್ಲ. ಅಲ್ಲಿಗೆ ನಿನ್ನ ನೂರರಲ್ಲಿ 52 ಹೋಯಿತು.

ನೋಡು, ಇದರಲ್ಲಿ ಸರ್ಕಾರದ್ದು ಎಂದು ಬೈಯುವಂಥದ್ದು ಬಹಳ ಇಲ್ಲ. ಭಾರ ಇರುವುದು ಆ ಇಪ್ಪತ್ತರಲ್ಲಿ. ಎರಡು ಸಾವಿರ ಹಾಕಿದರೂ ಇಪ್ಪತ್ತೇ, ಐವತ್ತು ಸಾವಿರ ಹಾಕಿದರೂ ಇಪ್ಪತ್ತೇ. ಬಸ್ಸಿನಲ್ಲಿ ಮುಂದಿನ ಸ್ಟಾಪಿನಲ್ಲಿ ಇಳಿಯುವವನೂ ಪೂರ್ತಿ ಟಿಕೆಟ್ ತೆಗೆದ ಹಾಗೆ.

ಇನ್ನೊಂದು ಕಡಿತ ಇದೆ, ಅದು ಈ ನೋಟ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ನೀನು ಮಾರಿದ ದಿನ ಷೇರು ನಿನ್ನ ಡಿಮ್ಯಾಟ್ ಖಾತೆಯಿಂದ ಹೊರಗೆ ಹೋಯಿತಲ್ಲ, ಅದಕ್ಕೆ ಡಿಪಿ ಚಾರ್ಜ್ ಎಂದು ಬೇರೆಯೇ ಹಿಡಿಯುತ್ತಾರೆ. ನಿನ್ನದರಲ್ಲಿ 13 ರೂಪಾಯಿ, ಜಿಎಸ್‌ಟಿ ಸೇರಿ 15 ರೂಪಾಯಿ 34 ಪೈಸೆ. ನೋಟ್‌ನಲ್ಲಿ ಯಾಕಿಲ್ಲ ಎಂದರೆ, ನಿನ್ನ ಬ್ರೋಕರ್ ಎರಡು ಕೆಲಸ ಮಾಡುತ್ತಾನೆ. ಮಾರುಕಟ್ಟೆಯಲ್ಲಿ ಕೊಂಡು ಮಾರಿಸುವುದು ಒಂದು, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಪರವಾಗಿ ನಿನ್ನ ಷೇರು ಇಟ್ಟುಕೊಳ್ಳುವುದು ಇನ್ನೊಂದು. ಕಾಂಟ್ರ್ಯಾಕ್ಟ್ ನೋಟ್ ಮೊದಲಿನ ಕೆಲಸದ ಚೀಟಿ. ಎರಡನೆಯದರ ಹಣ ಲೆಡ್ಜರ್‌ನಲ್ಲಿ ಮಾತ್ರ ಕಾಣುತ್ತದೆ. ನೋಟ್ ನೋಡಿ ಲೆಕ್ಕ ಸರಿ ಎಂದುಕೊಂಡವರಿಗೆ ಬ್ಯಾಂಕಿಗೆ ಬಂದ ಹಣ ಹದಿನೈದು ರೂಪಾಯಿ ಕಡಿಮೆ ಬಿದ್ದು ತಲೆಕೆಡುವುದು ಇದಕ್ಕೇ. ನೂರರಲ್ಲಿ ಇನ್ನು ಉಳಿದದ್ದು 33.

ಡಿಪಿ ಚಾರ್ಜ್‌ಗೆ ಒಂದು ಗುಣ ಇದೆ. ಒಂದು ದಿನಕ್ಕೆ ಒಂದು ಕಂಪನಿಗೆ ಒಂದು ಸಲ, ಷೇರು ಎಷ್ಟೇ ಇರಲಿ. ಹತ್ತನ್ನೂ ಒಂದೇ ದಿನ ಮಾರಿದರೆ ಒಂದು ಚಾರ್ಜ್. ದಿನಕ್ಕೆ ಎರಡರಂತೆ ಐದು ದಿನ ಮಾರಿದರೆ ಐದು ಡಿಪಿ ಚಾರ್ಜ್, ಮೇಲೆ ಐದು ಬ್ರೋಕರೇಜ್. ಇಂದು ಸ್ವಲ್ಪ ಏರಿತು ಎರಡು ಮಾರೋಣ, ನಾಳೆ ನೋಡೋಣ ಎನ್ನುವ ನಿನ್ನ ಅಭ್ಯಾಸಕ್ಕೆ ಇದು ಬಹಳ ದುಬಾರಿ.

ಇದೇ ಲೆಕ್ಕವನ್ನು ಐವತ್ತು ಸಾವಿರಕ್ಕೆ ಹಾಕಿ ನೋಡಿದೆ. ಕೊಂಡು ಅದೇ ಬೆಲೆಗೆ ಮಾರಿದರೆ ಎಲ್ಲ ಸೇರಿ ಸುಮಾರು 174 ರೂಪಾಯಿ, ಅಂದರೆ ಶೇ 0.35. ನಿನ್ನ ಎರಡು ಸಾವಿರಕ್ಕೆ 67 ರೂಪಾಯಿ, ಶೇ 3.35. ಹತ್ತು ಪಟ್ಟು! ಹಾಗಂತ ಸಾಲ ಮಾಡಿ ಐವತ್ತು ಸಾವಿರ ಹಾಕು ಎನ್ನುತ್ತಿಲ್ಲ. ತಿಂಗಳಿಗೆ ಎರಡು ಸಾವಿರವೇ ಉಳಿಯುವುದಾದರೆ ಅದನ್ನು ನಾಲ್ಕು ಕಂಪನಿಗೆ ಐನೂರರಂತೆ ಹಂಚಬೇಡ. ಒಂದು ತಿಂಗಳು ಒಂದನ್ನೇ ಕೊಳ್ಳು. ಮಾರುವ ಕೈಯನ್ನು ಸ್ವಲ್ಪ ಬಿಗಿ ಹಿಡಿ.

ಆ ನೋಟ್‌ಗಳನ್ನು ಅಳಿಸಬೇಡ. ಲಾಭದ ಮೇಲೆ ತೆರಿಗೆ ಲೆಕ್ಕ ಹಾಕುವಾಗ ಬ್ರೋಕರೇಜನ್ನು ಖರ್ಚೆಂದು ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಎರಡೂ ಬೇರೆ ಬೇರೆ ಕಾಣುವುದು ಅಲ್ಲೇ.

ಇನ್ನು ವರ್ಷದ ನಿರ್ವಹಣೆ ಶುಲ್ಕ. ಎಎಂಸಿ ಎನ್ನುತ್ತಾರೆ. ನೀನು ಒಂದು ಷೇರನ್ನೂ ಮುಟ್ಟದಿದ್ದರೂ ಇದು ಬರುತ್ತದೆ. ವರ್ಷಕ್ಕೆ 300 ಎಂದಿದ್ದರೆ ಜಿಎಸ್‌ಟಿ ಸೇರಿ 354. ಕೆಲವರು ಮೂರು ತಿಂಗಳಿಗೊಮ್ಮೆ ಎಂಬತ್ತೆಂಟೂವರೆಯಂತೆ ಕತ್ತರಿಸುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಟ್ರೇಡಿಂಗ್ ಖಾತೆಯಲ್ಲಿ ಹಣ ಇಲ್ಲದಿದ್ದರೆ ಲೆಡ್ಜರ್ ಮೈನಸ್‌ಗೆ ಇಳಿಯುತ್ತದೆ, ಬಾಕಿಯ ಮೇಲೆ ಬಡ್ಡಿ ಹಾಕುವವರೂ ಇದ್ದಾರೆ. ಮೊದಲ ವರ್ಷ ಉಚಿತ ಎಂದು ಜಾಹೀರಾತಿನಲ್ಲಿ ಓದಿದ್ದು ಎರಡನೇ ವರ್ಷ ನೆನಪಿರುವುದಿಲ್ಲ.

ಆದರೆ ನಿನ್ನಂಥ ಸಣ್ಣ ಹೂಡಿಕೆದಾರರು ಇದನ್ನು ಕೊಡಬೇಕಾಗಿಯೇ ಇಲ್ಲ. ಬಿಎಸ್‌ಡಿಎ ಎಂಬ ಮೂಲಸೇವೆಯ ಡಿಮ್ಯಾಟ್ ಖಾತೆ ಇದೆ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ನಾಲ್ಕು ಲಕ್ಷದವರೆಗಿನ ಹಿಡುವಳಿಗೆ ಎಎಂಸಿ ಇಲ್ಲ, ನಾಲ್ಕರಿಂದ ಹತ್ತು ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಅದಕ್ಕಿಂತ ಮೇಲಾದರೆ ಮಾಮೂಲಿ ಶುಲ್ಕ. ಷರತ್ತು ಒಂದೇ: ದೇಶದಲ್ಲೆಲ್ಲ ಸೇರಿ ಮೊದಲ ಹೆಸರು ನಿನ್ನದಾಗಿರುವ ಡಿಮ್ಯಾಟ್ ಖಾತೆ ಒಂದಕ್ಕಿಂತ ಹೆಚ್ಚು ಇರಬಾರದು.

ನೀನು ಸಿಕ್ಕಿಬಿದ್ದಿರುವುದು ಇಲ್ಲೇ. ಕಾಲೇಜಿನಲ್ಲಿದ್ದಾಗ ಒಂದು ಐಪಿಒಗೆಂದು ನಿಮ್ಮಪ್ಪ ಬ್ಯಾಂಕಿನಲ್ಲಿ ತೆರೆಸಿದ್ದು ಒಂದು, ಕೆಲಸ ಸೇರಿದ ಮೇಲೆ ಆ್ಯಪ್‌ನಲ್ಲಿ ನೀನೇ ತೆರೆದದ್ದು ಇನ್ನೊಂದು. ಹಳೆಯದನ್ನು ನೀನು ಮರೆತಿದ್ದೀಯ, ಅದು ನಿನ್ನನ್ನು ಮರೆತಿಲ್ಲ. ಎರಡು ಇರುವುದರಿಂದ ಎರಡಕ್ಕೂ ರಿಯಾಯಿತಿ ಇಲ್ಲ.

ಹಳೆಯದನ್ನು ಮುಚ್ಚಿಸು. ಮುಚ್ಚಲು ಶುಲ್ಕ ಹಾಕುವಂತಿಲ್ಲ. ಅದರಲ್ಲಿರುವ ಷೇರುಗಳನ್ನು ಮಾರಬೇಕಾಗಿಯೂ ಇಲ್ಲ. ಮುಚ್ಚುವ ಅರ್ಜಿಯ ಜೊತೆಗೆ ಹೊಸ ಖಾತೆಯ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಕೊಟ್ಟರೆ, ಎರಡರಲ್ಲೂ ಹೆಸರು ಪ್ಯಾನ್ ಒಂದೇ ಆಗಿದ್ದರೆ, ಖರ್ಚಿಲ್ಲದೆ ವರ್ಗಾಯಿಸುತ್ತಾರೆ. ವರ್ಷದ ಎಎಂಸಿ ಮುಂಗಡ ಕಟ್ಟಿಸಿಕೊಂಡಿದ್ದರೆ ಬಾಕಿ ಇರುವ ತ್ರೈಮಾಸಿಕಗಳ ಹಣ ವಾಪಸ್ ಬರಬೇಕು. ತಾವಾಗಿ ಕೊಡುತ್ತಾರೆಂದು ಕಾಯಬೇಡ, ಅರ್ಜಿಯಲ್ಲೇ ಬರೆ. ಕೌಂಟರಿನಲ್ಲಿ ಅತ್ತಿತ್ತ ಓಡಾಡಿಸಿದರೆ ಇಮೇಲ್‌ನಲ್ಲಿ ದೂರು ಕೊಡು, ಅದಕ್ಕೂ ಬಗ್ಗದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್ ಇದೆ.

ಆ ಮಾಸ್ಟರ್ ರಿಪೋರ್ಟನ್ನು ಆ್ಯಪ್‌ನಿಂದ ಇಳಿಸಿಕೊಂಡಾಗ ನನಗೂ ಒಂದು ಕಳಿಸು. ಅದರಲ್ಲಿ ಬಿಎಸ್‌ಡಿಎ ಎಂಬ ಸಾಲಿನ ಮುಂದೆ ಈಗ ‘ಇಲ್ಲ’ ಎಂದೇ ಇರುತ್ತದೆ. ಹಳೆಯ ಖಾತೆ ಮುಚ್ಚಿತು ಎಂಬ ಪತ್ರ ಬಂದ ಮರುದಿನವೇ ಹೊಸ ಬ್ರೋಕರ್‌ಗೆ ಅದನ್ನು ಬದಲಿಸಲು ಬರೆ.