ಗಳಿಕೆ ಅಂಕವನ್ನು ಓದುವ ಬಗೆ: ಸೇತುಬಂಧದಿಂದ ವರ್ಷಾಂತ್ಯದವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಬೋಧನಾಭ್ಯಾಸ ಮುಗಿಸಿ ಬರುವ ಪ್ರಶಿಕ್ಷಣಾರ್ಥಿಗಳ ಕ್ರಿಯಾ ಸಂಶೋಧನಾ ವರದಿಗಳನ್ನು ಮಾರ್ಗದರ್ಶಕನಾಗಿ ನಾನು ಓದುತ್ತೇನೆ. ಬಹುತೇಕ ವರದಿಗಳ ಚೌಕಟ್ಟು ಒಂದೇ. ತರಗತಿಗೆ ನೈದಾನಿಕ ಪರೀಕ್ಷೆ ಕೊಡುತ್ತಾರೆ. ಅತಿ ಕಡಿಮೆ ಅಂಕ ಪಡೆದ ಐದಾರು ಮಕ್ಕಳನ್ನು ಆರಿಸಿ, ಎರಡು ಮೂರು ವಾರ ಪರಿಹಾರ ಬೋಧನೆ ಮಾಡುತ್ತಾರೆ. ಬಳಿಕ ಸಾಫಲ್ಯ ಪರೀಕ್ಷೆ ಕೊಟ್ಟು, ಎರಡನೆಯ ಅಂಕದಿಂದ ಮೊದಲನೆಯದನ್ನು ಕಳೆಯುತ್ತಾರೆ. ಉಳಿದದ್ದೇ ಗಳಿಕೆ ಅಂಕ. ಅದು ಯಾವಾಗಲೂ ಧನಾತ್ಮಕವಾಗಿರುತ್ತದೆ, ಮತ್ತು ವರದಿ ‘ಈ ವಿಧಾನ ಪರಿಣಾಮಕಾರಿ’ ಎಂದು ಮುಗಿಯುತ್ತದೆ.

ಶಾಲೆಗಳ ಸೇತುಬಂಧದ ದಾಖಲೆಗಳೂ ಇದೇ ಕ್ರಮದವು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ವಿಷಯ: ಮಕ್ಕಳನ್ನು ಆರಿಸಲು ಬಳಸಿದ ಅಂಕವನ್ನೇ ಪ್ರಗತಿಯ ಆರಂಭಬಿಂದುವಾಗಿ ಹಿಡಿದರೆ, ಏನೂ ಕಲಿಸದಿದ್ದರೂ ಆ ಗುಂಪಿನಲ್ಲಿ ಏರಿಕೆ ಕಾಣುತ್ತದೆ. ಈ ಏರಿಕೆಯನ್ನು ಬೋಧನೆಯ ಫಲದಿಂದ ಬೇರ್ಪಡಿಸುವುದು ಹೇಗೆ ಎಂಬುದನ್ನು ಲೆಕ್ಕದ ಮೂಲಕವೇ ನೋಡೋಣ.

ಏರಿಕೆ ಎಲ್ಲಿಂದ ಬರುತ್ತದೆ?

ಪರೀಕ್ಷೆಯಲ್ಲಿ ಮಗು ಪಡೆಯುವ ಅಂಕದಲ್ಲಿ ಎರಡು ಭಾಗಗಳಿವೆ. ಒಂದು, ಆ ವಿಷಯದಲ್ಲಿ ಮಗುವಿಗೆ ನಿಜವಾಗಿ ಇರುವ ಹಿಡಿತ. ಇನ್ನೊಂದು, ಆ ದಿನದ ಆಕಸ್ಮಿಕ. ಜೂನ್ ತಿಂಗಳ ಮಲೆನಾಡಿನಲ್ಲಿ ಈ ಎರಡನೆಯ ಭಾಗ ಸಣ್ಣದಲ್ಲ. ಒಂದು ಮಗು ನೆನೆದ ಬಟ್ಟೆಯಲ್ಲೇ ಕುಳಿತು ಬರೆದಿರುತ್ತದೆ, ಇನ್ನೊಂದಕ್ಕೆ ಹಿಂದಿನ ದಿನ ಜ್ವರ. ಮತ್ತೊಂದಕ್ಕೆ ತಾನು ಓದಿಕೊಂಡ ನಾಲ್ಕು ಲೆಕ್ಕಗಳೇ ಬಂದಿರುತ್ತವೆ.

ತರಗತಿಯಿಡೀ ತೆಗೆದುಕೊಂಡರೆ ಈ ಅದೃಷ್ಟ ದುರದೃಷ್ಟಗಳು ಒಂದನ್ನೊಂದು ಸರಿದೂಗಿಸುತ್ತವೆ. ಆದರೆ ಅತಿ ಕಡಿಮೆ ಅಂಕದವರನ್ನು ಮಾತ್ರ ಆರಿಸಿದಾಗ ಹಾಗಾಗುವುದಿಲ್ಲ. ಆ ಗುಂಪಿನಲ್ಲಿ ನಿಜವಾಗಿ ಹಿಂದುಳಿದವರೂ ಇರುತ್ತಾರೆ, ಆ ದಿನ ಎಡವಿದವರೂ ಇರುತ್ತಾರೆ. ಮುಂದಿನ ಪರೀಕ್ಷೆಗೆ ಹಿಡಿತ ಮಗುವಿನ ಜೊತೆಗೇ ಬರುತ್ತದೆ, ದುರದೃಷ್ಟ ಬರಲೇಬೇಕೆಂದಿಲ್ಲ. ಆದ್ದರಿಂದ ಗುಂಪಿನ ಸರಾಸರಿ ತಾನಾಗಿಯೇ ತರಗತಿಯ ಸರಾಸರಿಯ ಕಡೆಗೆ ಸರಿಯುತ್ತದೆ. ಅತಿ ಹೆಚ್ಚು ಅಂಕದವರ ಗುಂಪು ಇದೇ ಕಾರಣಕ್ಕೆ ಕೆಳಗೆ ಸರಿಯುತ್ತದೆ. ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನಬಹುದು. ಸಂಖ್ಯಾಶಾಸ್ತ್ರದ ‘ರಿಗ್ರೆಷನ್’ ಎಂಬ ಹೆಸರು ಹುಟ್ಟಿದ್ದೂ ಇದರಿಂದಲೇ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಹೋಲಿಸಿ, ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಗಿಂತ ಎತ್ತರವಿದ್ದರೂ ತಂದೆತಾಯಿಯರಷ್ಟು ಇರುವುದಿಲ್ಲವೆಂದು ತೋರಿಸಿದ.

ಒಂದು ತರಗತಿಯ ಲೆಕ್ಕ

ಲೆಕ್ಕ ಸುಲಭವಾಗಲೆಂದು ನಾನೇ ಹೆಣೆದ ಒಂದು ಉದಾಹರಣೆ ಇದು. ಏಳನೇ ತರಗತಿ, 30 ಮಕ್ಕಳು, ಭಿನ್ನರಾಶಿಯ ಮೇಲೆ 25 ಅಂಕದ ನೈದಾನಿಕ ಪರೀಕ್ಷೆ. ತರಗತಿಯ ಸರಾಸರಿ 13, ಮಾನಕ ವಿಚಲನೆ 5. ಕೆಳಗಿನ ಆರು ಮಕ್ಕಳ ಸರಾಸರಿ 6. ಇವರಿಗೆ ಮೂರು ವಾರ ಪರಿಹಾರ ಬೋಧನೆ ನಡೆಯಿತು. ಸಾಫಲ್ಯ ಪರೀಕ್ಷೆಯಲ್ಲಿ ಇವರ ಸರಾಸರಿ 11.5 ಆಯಿತು. ಗಳಿಕೆ ಅಂಕ 5.5. ವರದಿ ಇಲ್ಲಿಗೆ ನಿಂತರೆ ಫಲಿತಾಂಶ ಬಹಳ ಚೆನ್ನಾಗಿದೆ.

ಈಗ ಎರಡು ಸಂಗತಿಗಳನ್ನು ಸೇರಿಸೋಣ. ಸಾಮಾನ್ಯ ಪಾಠದಿಂದಲೇ ಇಡೀ ತರಗತಿಯ ಸರಾಸರಿ 13ರಿಂದ 15ಕ್ಕೆ ಏರಿದೆ. ಮಧ್ಯೆ ಏನೂ ಕಲಿಸದೆ ಇಂಥದೇ ಎರಡು ಪತ್ರಿಕೆಗಳನ್ನು ಕೊಟ್ಟರೆ ಅವುಗಳ ಅಂಕಗಳ ಸಹಸಂಬಂಧ ಗುಣಾಂಕ r = 0.6. ಎರಡೂ ಪರೀಕ್ಷೆಗಳಲ್ಲಿ ಅಂಕಗಳ ಹರಡುವಿಕೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಪರಿಹಾರ ಬೋಧನೆ ಇಲ್ಲದೆಯೂ ಆ ಗುಂಪಿನಿಂದ ನಿರೀಕ್ಷಿಸಬೇಕಾದ ಅಂಕ ಹೀಗೆ ಸಿಗುತ್ತದೆ:

```
ನಿರೀಕ್ಷಿತ ಅಂಕ = ಎರಡನೇ ಪರೀಕ್ಷೆಯ ತರಗತಿ ಸರಾಸರಿ
              + r × (ಗುಂಪಿನ ಮೊದಲ ಸರಾಸರಿ − ತರಗತಿಯ ಮೊದಲ ಸರಾಸರಿ)

= 15 + 0.6 × (6 − 13) = 10.8
```

ಅಂದರೆ ಆ ಆರು ಮಕ್ಕಳು ಉಳಿದವರಂತೆ ಸುಮ್ಮನೆ ತರಗತಿಯಲ್ಲಿ ಕುಳಿತಿದ್ದರೂ 10.8ರ ಆಸುಪಾಸಿಗೆ ಬರುತ್ತಿದ್ದರು. ಕಂಡ ಗಳಿಕೆ 5.5ರಲ್ಲಿ 2 ಅಂಕ ಇಡೀ ತರಗತಿಯ ಬೆಳವಣಿಗೆ, 2.8 ಅಂಕ ಸರಾಸರಿಯತ್ತ ಮರಳುವಿಕೆ. ಪರಿಹಾರ ಬೋಧನೆಯ ಪಾಲಿಗೆ ಉಳಿದದ್ದು 0.7. ಇಂಥ ಪತ್ರಿಕೆಯಲ್ಲಿ ಆರು ಮಕ್ಕಳ ಸರಾಸರಿ ಆಕಸ್ಮಿಕವಾಗಿಯೇ ಸುಮಾರು 2 ಅಂಕ ಅತ್ತಿತ್ತ ಆಗುತ್ತದೆ. ಆದ್ದರಿಂದ ಈ 0.7ರ ಮೇಲೆ ಏನನ್ನೂ ಕಟ್ಟಲಾಗದು.

ಮೇಲಿನ ಆರು ಮಕ್ಕಳನ್ನೂ ನೋಡಿ. ಮೊದಲ ಪರೀಕ್ಷೆಯಲ್ಲಿ ಅವರ ಸರಾಸರಿ 20 ಇತ್ತು. ಅದೇ ಸೂತ್ರದಂತೆ ಅವರ ನಿರೀಕ್ಷಿತ ಅಂಕ 15 + 0.6 × 7 = 19.2. ತರಗತಿ 2 ಅಂಕ ಏರಿದರೂ ಅವರ ಗಳಿಕೆ ಋಣಾತ್ಮಕ. ‘ಪರಿಹಾರ ಬೋಧನೆಯ ಭರದಲ್ಲಿ ಜಾಣ ಮಕ್ಕಳನ್ನು ಕಡೆಗಣಿಸಲಾಯಿತು’ ಎಂದು ಇದರಿಂದ ತೀರ್ಮಾನಿಸಿದರೆ ಅದು ತಪ್ಪು. ಅವರು ಯಾರೂ ಕಲಿತದ್ದನ್ನು ಮರೆತಿಲ್ಲ.

ಇಂಥ ತಪ್ಪು ಓದು ಶಿಸ್ತಿನ ವಿಚಾರಕ್ಕೂ ಹಬ್ಬುತ್ತದೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರ ಅನುಭವವನ್ನು ದಾಖಲಿಸಿದ್ದಾರೆ. ಚೆನ್ನಾಗಿ ಹಾರಿಸಿದವರನ್ನು ಹೊಗಳಿದರೆ ಮರುಸಲ ಕೆಡಿಸುತ್ತಾರೆ, ಕೆಟ್ಟದಾಗಿ ಹಾರಿಸಿದವರನ್ನು ಬೈದರೆ ಸುಧಾರಿಸುತ್ತಾರೆ, ಆದ್ದರಿಂದ ಬೈಗುಳವೇ ಮದ್ದು ಎಂಬುದು ಅವರ ವಾದವಾಗಿತ್ತು. ಹೊಗಳಲಿ ಬೈಯಲಿ, ಅತಿ ಒಳ್ಳೆಯ ಮತ್ತು ಅತಿ ಕೆಟ್ಟ ಹಾರಾಟಗಳ ನಂತರದ್ದು ಸರಾಸರಿಯ ಹತ್ತಿರವೇ ಬರುತ್ತಿತ್ತು. ನಮ್ಮ ತರಗತಿಗಳಲ್ಲಿ ಬೆತ್ತದ ಬಗ್ಗೆ ಉಳಿದುಕೊಂಡಿರುವ ನಂಬಿಕೆಗೂ ಇಂಥದೇ ಅನುಭವ ಆಧಾರವಾಗಿರಬಹುದು.

ಆರಿಸಲು ಒಂದು ಪರೀಕ್ಷೆ, ಅಳೆಯಲು ಇನ್ನೊಂದು

ಸೂತ್ರಕ್ಕೆ ಒಂದು ಮಿತಿಯಿದೆ. 30 ಮಕ್ಕಳಿಂದ ಪಡೆದ r ಸಡಿಲವಾದ ಅಂದಾಜು. 0.6 ಎಂದು ಬಂದದ್ದು ನಿಜವಾಗಿ 0.3ರಿಂದ 0.8ರವರೆಗೆ ಎಲ್ಲಿಯೂ ಇರಬಹುದು. ಜೊತೆಗೆ r ಅನ್ನು ಇಡೀ ತರಗತಿಯ ಅಂಕಗಳಿಂದ ಕಂಡುಹಿಡಿಯಬೇಕು. ಎಕ್ಸೆಲ್‌ನಲ್ಲಿ `=CORREL(B2:B31,C2:C31)` ಎಂದು ಕೊಟ್ಟರೆ ಸಿಗುತ್ತದೆ. ಕೆಳಗಿನ ಆರು ಮಕ್ಕಳ ಅಂಕಗಳಿಂದ ಮಾತ್ರ ತೆಗೆದ r ಅರ್ಥವಿಲ್ಲದ್ದು. ಆದ್ದರಿಂದ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುವುದು ಸೂತ್ರಕ್ಕಿಂತ ಸರಳವಾದ ಒಂದು ಕ್ರಮವನ್ನು.

ಒಂದೇ ನೀಲನಕ್ಷೆಯಿಂದ ಮೂರು ಸಮಾನಾಂತರ ಪತ್ರಿಕೆಗಳನ್ನು ತಯಾರಿಸಿ: ಅ, ಆ, ಇ. ಒಂದರಲ್ಲಿ 3/4 + 1/8 ಕೇಳಿದ್ದರೆ ಇನ್ನೊಂದರಲ್ಲಿ 2/3 + 1/6 ಇರಲಿ. ಮೂರರಲ್ಲೂ ಕೌಶಲವೂ ಕಾಠಿಣ್ಯವೂ ಒಂದೇ ಆಗಿರಬೇಕು. ‘ಅ’ ಪತ್ರಿಕೆಯಿಂದ ಮಕ್ಕಳನ್ನು ಆರಿಸಿ. ಪರಿಹಾರ ಬೋಧನೆ ಶುರುವಾಗುವ ಮೊದಲೇ, ಎರಡು ಮೂರು ದಿನಗಳೊಳಗೆ ಇಡೀ ತರಗತಿಗೆ ‘ಆ’ ಪತ್ರಿಕೆ ಕೊಡಿ. ಗಳಿಕೆಯನ್ನು ‘ಆ’ದಿಂದ ‘ಇ’ಗೆ ಮಾತ್ರ ಲೆಕ್ಕ ಹಾಕಿ. ನಮ್ಮ ಉದಾಹರಣೆಯಲ್ಲಿ ಫಲಿತಾಂಶ ಹೀಗಿರುತ್ತದೆ:

| | ಪತ್ರಿಕೆ ಅ | ಪತ್ರಿಕೆ ಆ | ಪತ್ರಿಕೆ ಇ | ‘ಆ’ದಿಂದ ‘ಇ’ಗೆ ಗಳಿಕೆ |
|---|---|---|---|---|
| ಕೆಳಗಿನ ಆರು ಮಕ್ಕಳು | 6 | 8.8 | 11.5 | 2.7 |
| ಇಡೀ ತರಗತಿ | 13 | 13 | 15 | 2 |

ಅದೃಷ್ಟದ ಪಾಲು ‘ಅ’ ಮತ್ತು ‘ಆ’ಗಳ ನಡುವೆಯೇ ಕಳಚಿ ಬಿತ್ತು. r ಬೇಕಾಗಲಿಲ್ಲ. 2.7 ಮತ್ತು 2ರ ಅಂತರ ಕಣ್ಣಿಗೇ ಕಾಣುತ್ತದೆ.

‘ಆ’ ಪತ್ರಿಕೆಯಿಂದ ಇನ್ನೊಂದು ಉಪಯೋಗವೂ ಇದೆ. ‘ಅ’ದಲ್ಲಿ 5, ‘ಆ’ದಲ್ಲಿ 13 ಪಡೆದ ಮಗು ಆ ದಿನ ಎಡವಿತ್ತು ಅಷ್ಟೆ. ಎರಡರಲ್ಲೂ 5 ಪಡೆದ ಮಗುವಿಗೆ ನಿಜವಾಗಿ ನೆರವು ಬೇಕು. ಒಂದೇ ಪರೀಕ್ಷೆಯನ್ನು ನಂಬಿದರೆ ಮೊದಲನೆಯ ಮಗುವಿನ ‘ಪ್ರಗತಿ’ ವರದಿಯನ್ನು ಚಂದಗಾಣಿಸುತ್ತದೆ, ಎರಡನೆಯ ಮಗು ಆ ಸರಾಸರಿಯ ಹಿಂದೆ ಮರೆಯಾಗುತ್ತದೆ.

ಗುಂಪನ್ನು ಎರಡಾಗಿಸುವುದು

ಪರಿಹಾರ ಬೋಧನೆಯೇ ಫಲ ಕೊಟ್ಟಿತೇ ಎಂದು ಇನ್ನಷ್ಟು ಖಚಿತವಾಗಿ ತಿಳಿಯಲು ಹೋಲಿಕೆಯ ಗುಂಪು ಬೇಕು. ‘ಅಷ್ಟೇ ಹಿಂದುಳಿದ ಮಕ್ಕಳಿಗೆ ಕಲಿಸದೆ ಬಿಡುವುದು ಸರಿಯೇ?’ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಬಿಡಬೇಕಾಗಿಲ್ಲ. ಆರಿಸಿದ ಆರು ಮಕ್ಕಳ ಹೆಸರನ್ನು ಚೀಟಿ ಎತ್ತಿ ಮೂರು ಮೂರಾಗಿ ಹಂಚಿ. ಮೊದಲ ಮೂವರಿಗೆ ಮೊದಲ ಮೂರು ವಾರ, ಉಳಿದವರಿಗೆ ಮುಂದಿನ ಮೂರು ವಾರ ಪರಿಹಾರ ಬೋಧನೆ ಮಾಡಿ. ಮೂರನೇ ವಾರದ ಕೊನೆಗೆ ಎಲ್ಲರಿಗೂ ಪರೀಕ್ಷೆ ಕೊಡಿ. ಸರಾಸರಿಯತ್ತ ಮರಳುವಿಕೆ ಎರಡೂ ಗುಂಪುಗಳಿಗೆ ಸಮನಾಗಿ ಇರುವುದರಿಂದ, ಅವುಗಳ ಅಂತರವೇ ಬೋಧನೆಯ ಫಲದ ಅಂದಾಜು.

ಮೂವರು ಮೂವರ ಹೋಲಿಕೆ ತೀರಾ ಸಣ್ಣದು. ಅದಕ್ಕಾಗಿ ಮೂರೂ ತಾಲ್ಲೂಕುಗಳ ಎಂಟು ಶಾಲೆಗಳಿಗೆ ಹೋದ ಪ್ರಶಿಕ್ಷಣಾರ್ಥಿಗಳು ಒಂದೇ ಪತ್ರಿಕೆ ಬಳಸಿ ಅಂಕಗಳನ್ನು ಒಟ್ಟುಗೂಡಿಸಬೇಕು. ಆಗ 24 ಮತ್ತು 24 ಮಕ್ಕಳ ಹೋಲಿಕೆ ಸಿಗುತ್ತದೆ. ಆದರೆ ಚೀಟಿ ಎತ್ತುವುದು ಪ್ರತಿ ಶಾಲೆಯೊಳಗೇ ಆಗಬೇಕು. ಸಾಗರದ ಶಾಲೆಗೆ ಕಲಿಸಿ, ಹೊಸನಗರದ ಶಾಲೆಯನ್ನು ಹೋಲಿಕೆಗೆ ಇಟ್ಟುಕೊಂಡರೆ ಸಾಲದು. ಮಳೆಯ ರಜೆ ಒಂದು ತಾಲ್ಲೂಕಿಗಿದ್ದು ಪಕ್ಕದ ತಾಲ್ಲೂಕಿಗೆ ಇಲ್ಲದಿರಬಹುದು. ಆಗ ನಾವು ಅಳೆಯುವುದು ಬೋಧನೆಯ ಫಲವನ್ನೋ ತಪ್ಪಿಹೋದ ದಿನಗಳನ್ನೋ ತಿಳಿಯುವುದಿಲ್ಲ. ಒಂದೇ ಶಾಲೆಯೊಳಗಿನ ಎರಡು ಗುಂಪುಗಳು ಒಂದೇ ರಜೆಯನ್ನು ಕಳೆದಿರುತ್ತವೆ.

ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ

ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಮೊದಲ ಸಂಕಲನಾತ್ಮಕ ಅಂಕವನ್ನು ಎರಡನೆಯದರಿಂದ ಕಳೆದು ಪ್ರಗತಿ ಎನ್ನುವುದು ಸರಿಯಲ್ಲ, ಏಕೆಂದರೆ ಪಾಠಗಳೂ ಪತ್ರಿಕೆಯ ಕಾಠಿಣ್ಯವೂ ಬದಲಾಗಿರುತ್ತವೆ. ವರ್ಷವಿಡೀ ಗಳಿಕೆ ನೋಡಬೇಕಿದ್ದರೆ ಮೇಲೆ ಹೇಳಿದಂಥ ಸಮಾನಾಂತರ ಪತ್ರಿಕೆಗಳನ್ನು ಜೂನ್, ದಸರಾ ರಜೆಯ ಮುನ್ನ, ಮತ್ತು ವರ್ಷದ ಕೊನೆಯಲ್ಲಿ ಕೊಡಬೇಕು.

ಇಲ್ಲಿ ಎಚ್ಚರ ತಪ್ಪುವ ಜಾಗ ಒಂದಿದೆ. ಪ್ರತಿ ಸೆಮಿಸ್ಟರ್ ಹಿಂದುಳಿದವರ ಹೊಸ ಪಟ್ಟಿ ಮಾಡುವುದು ರೂಢಿ. ಜೂನ್‌ನ ಆರು ಮಕ್ಕಳಲ್ಲಿ ಮೂವರು ದಸರೆಯ ಹೊತ್ತಿಗೆ ಪಟ್ಟಿಯಿಂದ ಹೊರಬರುತ್ತಾರೆ, ಹೊಸದಾಗಿ ಮೂವರು ಸೇರುತ್ತಾರೆ. ಹೊರಬಂದವರು ಸುಧಾರಿಸಿದರು, ಸೇರಿದವರು ಹಿಂದೆ ಬಿದ್ದರು ಎಂದು ಬರೆಯುತ್ತೇವೆ. ಈ ಬದಲಾವಣೆಯಲ್ಲಿ ಒಂದಷ್ಟು ಆಕಸ್ಮಿಕದ ಅದಲುಬದಲು ಮಾತ್ರ. ಹೊಸಬರು ಮುಂದಿನ ಪರೀಕ್ಷೆಯಲ್ಲಿ ತಾವಾಗಿಯೇ ಏರಿದಾಗ ಅದೇ ಭ್ರಮೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ಜೂನ್‌ನ ಪಟ್ಟಿಯನ್ನು ವರ್ಷಾಂತ್ಯದವರೆಗೆ ಬದಲಿಸದೆ ಪ್ರತ್ಯೇಕ ಪುಟದಲ್ಲಿ ಇಟ್ಟುಕೊಳ್ಳಬೇಕು, ಅದರ ಸರಾಸರಿಯನ್ನು ಪ್ರತಿ ಬಾರಿಯೂ ತರಗತಿಯ ಸರಾಸರಿಯ ಪಕ್ಕದಲ್ಲೇ ಬರೆಯಬೇಕು. ಒಂದೇ ಒಳ್ಳೆಯ ಅಂಕ ನೋಡಿ ಯಾವ ಮಗುವಿಗೂ ಪರಿಹಾರ ಬೋಧನೆ ನಿಲ್ಲಿಸಬಾರದು. ಎರಡು ಪರೀಕ್ಷೆಗಳಲ್ಲಿ ಅಂಕ ನಿಂತ ಮೇಲೆ ನಿಲ್ಲಿಸಬಹುದು.

ಈ ಕ್ರಮ ಅನುಸರಿಸಿದರೆ ವರದಿಯ ಗಳಿಕೆ ಅಂಕ ಸಣ್ಣದಾಗುತ್ತದೆ, 5.5 ಇದ್ದದ್ದು 0.7 ಆಗಬಹುದು. ಅದಕ್ಕಾಗಿ ಅಂಕ ಕಳೆಯಬಾರದೆಂದು ಮೌಲ್ಯಮಾಪನ ಮಾಡುವ ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ. ಪರಿಹಾರ ಬೋಧನೆ ವ್ಯರ್ಥವೆಂದು ಆ 0.7 ಹೇಳುವುದಿಲ್ಲ. ಭಿನ್ನರಾಶಿ ಕಲಿಸಿದ ಬಗೆ ಈ ಮಕ್ಕಳಿಗೆ ಇನ್ನೂ ತಲುಪಿಲ್ಲ, ಮುಂದಿನ ಮೂರು ವಾರ ಬೇರೆ ರೀತಿ ಕಲಿಸಿ ನೋಡಬೇಕು ಎಂದು ಹೇಳುತ್ತದೆ. 5.5 ಎಂದು ಬರೆದು ಕಡತ ಮುಚ್ಚಿದರೆ ಆ ಮೂರು ವಾರ ಮಕ್ಕಳಿಗೆ ಸಿಗುವುದೇ ಇಲ್ಲ.